200 ರೂಪಾಯಿ ಎಲ್ಲಿಗೆ ಹೋಯ್ತು?

*ಸಂಪಾದಕರಿಗೆ ನಮಸ್ಕಾರ ರೀ. ಉದ್ಯಮಬಾಗದ ಒಂದು ಕಂಪನಿಯ ಡಿಸೈನ್ ಆಫೀಸಿನಲ್ಲಿ ಸೆಪ್ಟೆಂಬರ್ 2025ರಿಂದ ಫೆಬ್ರುವರಿ 2026ರ ತನಕ ಇಂಟರ್ನ್‌ಶಿಪ್ ಮಾಡಿದೆ. ಹೆಡ್ ಆಫೀಸ್ ಪುಣೆಯಲ್ಲಿದೆ. ಸ್ಟೈಪೆಂಡ್ 15,000. ಕೈಗೆ ಬಂದದ್ದು ತಿಂಗಳಿಗೆ 13,300, ಕೊನೇ ತಿಂಗಳು 13,200. ನನ್ನ ಜೊತೆಗಿದ್ದ ಹುಡುಗಿಗೆ ಪ್ರತಿ ತಿಂಗಳೂ 13,500 ಬಂದಿದೆ. ಕಡಿದ ತೆರಿಗೆಯ ಲೆಕ್ಕ ತೋರಿಸುವ 26AS ನೋಡಿದರೆ ನನ್ನ ಹೆಸರಲ್ಲಿ 6,000 ಮಾತ್ರ ಇದೆ. 'ಎಲ್ಲ ಹಣ ಬಂದಿದೆ' ಅಂತ ಸಹಿ ಮಾಡಿದರೆ ಸರ್ಟಿಫಿಕೇಟ್ ಕೊಡ್ತೀವಿ ಅಂತಾರೆ. ಸಹಿ ಮಾಡಲಾ?*
*— ಒಬ್ಬ ಓದುಗ, ಬೆಳಗಾವಿ*

ಇವತ್ತೇ ಸಹಿ ಮಾಡಬೇಡಿ. ಮೊದಲು ಲೆಕ್ಕ ನೋಡೋಣ.

6 ತಿಂಗಳಿಗೆ ನಿಮಗೆ ಬರಬೇಕಿದ್ದದ್ದು 90,000. ಬಂದದ್ದು 79,700. ಹೋದದ್ದು 10,300. ಇದರಲ್ಲಿ 9,000 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಂಪನಿ ಕಡಿದ ಆದಾಯ ತೆರಿಗೆ, ಶೇ. 10. ಉಳಿದ 1,300 ವೃತ್ತಿ ತೆರಿಗೆ: 5 ತಿಂಗಳು 200, ಫೆಬ್ರುವರಿಯಲ್ಲಿ 300. ಎರಡೂ ತೆರಿಗೆಯೇ ಆದರೂ ವಾಪಸ್ ಬರುವ ದಾರಿ ಬೇರೆ ಬೇರೆ. ಒಂದನ್ನು ಸರ್ಕಾರದ ಹತ್ತಿರ ಕೇಳಬೇಕು, ಇನ್ನೊಂದನ್ನು ಕಂಪನಿಯ ಹತ್ತಿರ.

ವೃತ್ತಿ ತೆರಿಗೆಯ ಗುಟ್ಟನ್ನು ನಿಮ್ಮ ಗೆಳತಿಯ 13,500 ಬಿಟ್ಟುಕೊಟ್ಟಿದೆ. ಕರ್ನಾಟಕದಲ್ಲಿ ಏಪ್ರಿಲ್ 2023ರಿಂದ ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇದ್ದವರಿಗೆ ವೃತ್ತಿ ತೆರಿಗೆಯೇ ಇಲ್ಲ, ಅದು ಹುಡುಗನಿಗೂ ಒಂದೇ, ಹುಡುಗಿಗೂ ಒಂದೇ. ಮಹಾರಾಷ್ಟ್ರದಲ್ಲಿ ಹಾಗಲ್ಲ. ಅಲ್ಲಿ 10,000ಕ್ಕಿಂತ ಜಾಸ್ತಿ ಇರುವ ಗಂಡಸರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಹೆಣ್ಣುಮಕ್ಕಳಿಗೆ 25,000ದ ತನಕ ಏನೂ ಇಲ್ಲ. ನಿಮ್ಮಿಬ್ಬರ ಲೆಕ್ಕಕ್ಕೆ ಇದು ಸರಿಯಾಗಿ ಕೂಡುತ್ತದೆ, ಅಲ್ವಾ? ಪುಣೆಯಲ್ಲಿ ಪಗಾರ ಮಾಡುವವರು ನಿಮ್ಮನ್ನೂ ಅಲ್ಲಿಯವರು ಅಂತಲೇ ಹಾಕಿಕೊಂಡಿದ್ದಾರೆ. ನೀವು ಕೂತು ಕೆಲಸ ಮಾಡಿದ್ದು ಬೆಳಗಾವಿಯಲ್ಲಿ, ಹಾಗಾಗಿ ಇಲ್ಲಿಯ ನಿಯಮವೇ ನಡೆಯಬೇಕು. ಗಡಿಯಲ್ಲಿರುವ ನಮ್ಮೂರಿನ ಹುಡುಗರು ಇದನ್ನು ತಿಳಿದಿರಲೇಬೇಕು, 200 ರೂಪಾಯಿ ತಾನೇ ಅಂತ ಯಾರೂ ಕೇಳೋದಿಲ್ಲ.

ಈ 1,300 ರಿಟರ್ನ್ ಹಾಕಿದರೆ ಬರುವ ಹಣ ಅಲ್ಲ. ಕಂಪನಿಯೇ ಕೊಡಬೇಕು. ಆಫರ್ ಲೆಟರ್, 6 ತಿಂಗಳ ಸ್ಟೈಪೆಂಡ್ ಚೀಟಿ ಜೋಡಿಸಿ, ಪಗಾರ ನೋಡುವವರಿಗೂ ಎಚ್‌ಆರ್‌ಗೂ ಒಂದೇ ಮೇಲ್ ಹಾಕಿ: 'ನಾನು ಕೆಲಸ ಮಾಡಿದ ಜಾಗ ಬೆಳಗಾವಿ, ಕರ್ನಾಟಕದಲ್ಲಿ ಈ ಮೊತ್ತಕ್ಕೆ ವೃತ್ತಿ ತೆರಿಗೆ ಇಲ್ಲ, ಕಡಿತವಾದ 1,300 ವಾಪಸ್ ಹಾಕಿ.' ಅಷ್ಟು ಸಾಕು. ಫೋನಿನಲ್ಲಿ ಹೇಳಿದ್ದಕ್ಕೆ ಗುರುತು ಉಳಿಯೋದಿಲ್ಲ.

ಈಗ ಸಹಿ ಮತ್ತು ಸರ್ಟಿಫಿಕೇಟ್. ಬಾಕಿ ಇರುವಾಗ 'ಎಲ್ಲ ಹಣ ಬಂದಿದೆ' ಅಂತ ಬರೆದುಕೊಟ್ಟರೆ ನಾಳೆ ಕೇಳೋದು ಕಷ್ಟ. ಅವರು ಒತ್ತಾಯ ಮಾಡಿದರೆ ಸಹಿಯ ಮೇಲೆ ಕೈಯಿಂದಲೇ 'ವೃತ್ತಿ ತೆರಿಗೆ ಕಡಿತ 1,300 ಬಾಕಿ' ಅಂತ ಬರೆದು, ತಾರೀಖು ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಸರ್ಟಿಫಿಕೇಟಿನ ಕರಡನ್ನು ಮೊದಲೇ ಕೇಳಿ ಓದಿ. ಹೆಸರು ನಿಮ್ಮ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಶುರುವಾದ ದಿನ, ಮುಗಿದ ದಿನ ಎರಡೂ ಇರಲಿ. 'ಸುಮಾರು ಆರು ತಿಂಗಳು' ಅಂತ ಬರೆದರೆ ಕಾಲೇಜಿನಲ್ಲಿ ತಕರಾರು ಆಗಬಹುದು. ಮುಖ್ಯವಾಗಿ, ಕೆಲಸದ ಜಾಗ ಬೆಳಗಾವಿ ಅಂತ ಬರೆಸಿಕೊಳ್ಳಿ. ಲೆಟರ್‌ಹೆಡ್ಡಿನಲ್ಲಿ ಪುಣೆ ವಿಳಾಸ ಇದ್ದರೆ ಇರಲಿ, ಆದರೆ ಒಳಗಿನ ಸಾಲಿನಲ್ಲೂ ಪುಣೆ ಅಂತಲೇ ಬಂದರೆ ನಿಮ್ಮ 1,300ರ ವಾದವನ್ನು ನಿಮ್ಮದೇ ಸರ್ಟಿಫಿಕೇಟ್ ಬೀಳಿಸುತ್ತದೆ.

26ASನಲ್ಲಿ 6,000 ಮಾತ್ರ ಇದೆ ಅಂತ ಗಾಬರಿ ಬೇಡ. ಅದು ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕದ 4 ತಿಂಗಳದು. ಕಂಪನಿ ಟಿಡಿಎಸ್ ಲೆಕ್ಕವನ್ನು 3 ತಿಂಗಳಿಗೊಮ್ಮೆ ಸಲ್ಲಿಸುತ್ತದೆ, ಜನವರಿಯಿಂದ ಮಾರ್ಚ್ ತನಕದ್ದಕ್ಕೆ ಮೇ 31ರ ತನಕ ಗಡುವು ಇದೆ. ಉಳಿದ 3,000 ಜೂನ್‌ನಲ್ಲಿ ಕಾಣಬೇಕು. ಜೂನ್ ಅರ್ಧ ಕಳೆದರೂ ಕಾಣದಿದ್ದರೆ ಕಂಪನಿ ಕೊಡುವ ಟಿಡಿಎಸ್ ಸರ್ಟಿಫಿಕೇಟ್, ಅಂದರೆ ಫಾರ್ಮ್ 16A ಕೇಳಿ, ಅದರಲ್ಲಿ ನಿಮ್ಮ ಪ್ಯಾನ್ ನಂಬರ್ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಒಂದು ಅಕ್ಷರ ತಪ್ಪಿದರೂ ಹಣ ನಿಮ್ಮ ಹೆಸರಿಗೆ ಬರೋದಿಲ್ಲ. ಕಂಪನಿ ತನ್ನ ಲೆಕ್ಕ ತಿದ್ದಿ ಮತ್ತೆ ಸಲ್ಲಿಸಬೇಕು.

ಕಂಪನಿಯವರು ವೃತ್ತಿಪರ ಸೇವೆಯ ಹಣ ಅಂತ ಆದಾಯ ತೆರಿಗೆಯ 194J ಕಲಮಿನ ಅಡಿಯಲ್ಲಿ ಟಿಡಿಎಸ್ ಕಡಿದಿದ್ದರೆ ಅದು ತಪ್ಪೇನಲ್ಲ, ವರ್ಷಕ್ಕೆ 50,000ದ ಮಿತಿ ದಾಟಿದೆ. ಹಾಗಂತ ನೀವು ತೆರಿಗೆ ಕಟ್ಟಬೇಕು ಅಂತಲೂ ಅಲ್ಲ. ಆ ವರ್ಷ ಬೇರೆ ಆದಾಯ ಇಲ್ಲದಿದ್ದರೆ 90,000ಕ್ಕೆ ತೆರಿಗೆ ಸೊನ್ನೆ, ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕ ಏನೂ ಇಲ್ಲ. ಆದರೆ ಕಡಿದ ಟಿಡಿಎಸ್ ತಾನಾಗಿ ವಾಪಸ್ ಬರೋದಿಲ್ಲ, ರಿಟರ್ನ್ ಹಾಕಲೇಬೇಕು. ಕೈಗೆ ಬಂದ 79,700 ಅಲ್ಲ, ಪೂರ್ತಿ 90,000 ಆದಾಯ ಅಂತ ತೋರಿಸಿ 9,000 ಕೇಳಿ. ಯಾವ ಫಾರ್ಮ್ ಅನ್ನೋದು ಕಂಪನಿ ಈ ಹಣಕ್ಕೆ ಕೊಟ್ಟ ಹೆಸರಿನ ಮೇಲೆ ನಿಂತಿದೆ, ಹಾಗಾಗಿ 16A ಹಿಡಿದು ತೆರಿಗೆ ಕೆಲಸ ಮಾಡುವ ಒಬ್ಬರಿಗೆ ಒಮ್ಮೆ ತೋರಿಸಿ. ರಿಟರ್ನ್ ಹಾಕಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ವೆರಿಫೈ ಮಾಡಿ, ಬ್ಯಾಂಕ್ ಖಾತೆಯನ್ನೂ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಿಟ್ಟುಕೊಳ್ಳಿ. ನಿಮ್ಮ ಗೆಳತಿಗೂ ಹೇಳಿ, ಅವರ 9,000 ಕೂಡ ಅಲ್ಲೇ ಕೂತಿದೆ.