ಹಳೆ ನಂಬರ್ ಬಿಡುವ ಮುಂಚೆ: ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನಾನು ಗಂಗಾವತಿಯ ನಿವೃತ್ತ ಶಿಕ್ಷಕಿ. 12 ವರ್ಷದಿಂದ ಒಂದೇ ನಂಬರ್ ಬಳಸ್ತಿದ್ದೇನೆ. ಮಗ ಈಗ ತನ್ನ ಪ್ಲಾನ್‌ನಲ್ಲಿ ಹೊಸ ಸಿಮ್ ಕೊಡಿಸಿದ್ದಾನೆ. ಎರಡಕ್ಕೂ ದುಡ್ಡು ಕಟ್ಟೋದು ಯಾಕೆ, ಹಳೆಯದಕ್ಕೆ ರೀಚಾರ್ಜ್ ಮಾಡೋದು ಬಿಟ್ಟರೆ ಸಾಕು ಅಂತಾನೆ. ಪೆನ್ಷನ್, ಬ್ಯಾಂಕ್, ಗ್ಯಾಸ್ ಎಲ್ಲ ಹಳೆ ನಂಬರಿನಲ್ಲೇ ಇವೆ. ಏನೇನು ಬದಲಿಸಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಈ ತಿಂಗಳು ಹಳೆ ಸಿಮ್‌ಗೆ ಇನ್ನೊಂದು ಸಲ ರೀಚಾರ್ಜ್ ಮಾಡಿಸಿ. ಕೆಲಸ ಮುಗಿಯೋವರೆಗೆ ಅದು ಜೀವಂತ ಇರಬೇಕು. ನಂಬರ್ ಬದಲಿಸೋಕೆ ಹೋದಾಗ ಅನೇಕ ಕಡೆ ಒಟಿಪಿ ಬರೋದು ಹಳೆ ನಂಬರಿಗೇ. ಅದು ಸತ್ತ ಮೇಲೆ ಮನೆಯಲ್ಲೇ ಐದು ನಿಮಿಷದಲ್ಲಿ ಆಗುವ ಕೆಲಸಕ್ಕೂ ಕಚೇರಿಗೆ ಅಲೆಯಬೇಕಾಗುತ್ತದೆ.

ರೀಚಾರ್ಜ್ ನಿಲ್ಲಿಸಿದರೆ ನಂಬರ್ ಅಲ್ಲಿಗೇ ಮುಗಿಯುವುದಿಲ್ಲ. ಕಂಪನಿ ಅದನ್ನು ಬಂದ್ ಮಾಡಿದ ಮೇಲೆ ಕನಿಷ್ಠ 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಅದೇ ನಂಬರ್ ಹೊಸಬರ ಕೈಗೆ ಹೋಗಬಹುದು. ಆಗ ನೀವು ಎಲ್ಲೆಲ್ಲಿ ಬದಲಿಸಿಲ್ಲವೋ ಅಲ್ಲಿನ ಒಟಿಪಿ, ಮೆಸೇಜು ಎಲ್ಲವೂ ಅವರ ಫೋನಿಗೆ ಹೋಗುತ್ತವೆ.

ಎರಡು ವರ್ಷದ ಹಿಂದೆ ಸಿಂಧನೂರಿನ ಗೊಬ್ಬರದ ಅಂಗಡಿಯವರೊಬ್ಬರು ನನ್ನ ಹತ್ತಿರ ಬಂದಿದ್ದರು. ಅವರೂ ಹೀಗೇ ಹಳೆ ಸಿಮ್ ತೆಗೆದು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ವಾಟ್ಸಾಪ್ ಮಾತ್ರ ಹಳೆ ನಂಬರಿನಲ್ಲೇ ನಡೆಯುತ್ತಿತ್ತು. ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡಿದ್ದರು. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವಾಟ್ಸಾಪ್ ತಾನಾಗೇ ಲಾಗೌಟ್ ಆಯಿತು. ಆ ನಂಬರ್ ಪಡೆದ ಹೊಸಬರು ತಮ್ಮ ಫೋನಿನಲ್ಲಿ ವಾಟ್ಸಾಪ್ ಹಾಕಿಕೊಂಡಿದ್ದರು. ಮನೆಯವರ ಗ್ರೂಪು, ಅಂಗಡಿಯ ಗ್ರೂಪು ಎರಡರಲ್ಲೂ ಈಗ ಗುರುತಿಲ್ಲದ ಮನುಷ್ಯ. ಅದೇ ವಾರ ಒಬ್ಬ ರೈತರು ಫೋನಿನಲ್ಲಿ ಸೇವ್ ಆಗಿದ್ದ ಹಳೆ ನಂಬರಿಗೆ ಗೊಬ್ಬರದ ಬಾಕಿ 6,000 ರೂಪಾಯಿ ಕಳಿಸಿದರು. ಅದೂ ಹೊಸಬರ ಖಾತೆಗೇ ಹೋಯಿತು. ಅವರು ಒಳ್ಳೆಯವರು, ಫೋನ್ ಮಾಡಿ ಕೇಳಿದಾಗ ವಾಪಸ್ ಹಾಕಿದರು. ಆದರೆ ಜಿಮೇಲ್ ಮಾತ್ರ ವಾಪಸ್ ಸಿಗಲಿಲ್ಲ. ಹೊಸ ಫೋನಿನಲ್ಲಿ ತೆರೆಯಲು ಹೋದರೆ ಕೋಡ್ ಹಳೆ ನಂಬರಿಗೆ ಹೋಗುತ್ತಿತ್ತು, ಬೇರೆ ದಾರಿ ಇಟ್ಟುಕೊಂಡಿರಲಿಲ್ಲ. ಮಗಳ ಮದುವೆಯ ಫೋಟೋಗಳು ಅದರಲ್ಲೇ ಉಳಿದವು. ಅವರ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಬದಲಿಸಲು ಕೂರುವ ಮುಂಚೆ ಒಂದು ವಿಷಯ ಮಗನ ಹತ್ತಿರ ಕೇಳಿ. ಹೊಸ ಸಿಮ್ ಯಾರ ಹೆಸರಿನಲ್ಲಿದೆ? ಫ್ಯಾಮಿಲಿ ಪ್ಲಾನ್ ಸಿಮ್‌ಗಳು ಸಾಮಾನ್ಯವಾಗಿ ಪ್ಲಾನ್ ತೆಗೆದುಕೊಂಡವರ ಹೆಸರಿನಲ್ಲಿರುತ್ತವೆ. ನಾಳೆ ಫೋನ್ ಕಳೆದುಹೋದರೆ ಬದಲಿ ಸಿಮ್ ತೆಗೆದುಕೊಳ್ಳಲು ನೀವು ಹೋದರೆ ಆಗುವುದಿಲ್ಲ, ಮಗನೇ ಬರಬೇಕು. ಅವರು ದೂರದ ಊರಿನಲ್ಲಿದ್ದರೆ ಅಷ್ಟು ದಿನ ನಿಮ್ಮ ಪೆನ್ಷನ್ ಖಾತೆಯ ಒಟಿಪಿಯೂ ಇಲ್ಲ. ಆಧಾರ್‌ಗೆ, ಬ್ಯಾಂಕಿಗೆ ಕೊಡುವ ನಂಬರ್ ನಿಮ್ಮ ಹೆಸರಿನಲ್ಲೇ ಇದ್ದರೆ ಒಳ್ಳೆಯದು. ನಿಮ್ಮ ಹೆಸರಿನಲ್ಲಿ ಯಾವ ಯಾವ ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು.

ಇನ್ನು ಪಟ್ಟಿ. ಅದನ್ನು ನಾನು ಬರೆದುಕೊಡುವುದಕ್ಕಿಂತ ನಿಮ್ಮ ಹಳೆ ನಂಬರಿನ ಮೆಸೇಜ್ ಬಾಕ್ಸೇ ಚೆನ್ನಾಗಿ ಹೇಳುತ್ತದೆ. ಒಂದು ನೋಟ್‌ಬುಕ್ ಹಿಡಿದು ಕಳೆದ ಒಂದು ವರ್ಷದ ಮೆಸೇಜುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಹೋಗಿ. ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ. 2025ರಿಂದ ಈ ಪದ್ಧತಿ ಬಂದಿದೆ. `-P` ಅಂತಿದ್ದರೆ ಜಾಹೀರಾತು, ಬಿಟ್ಟುಬಿಡಿ. `-T`, `-S`, `-G` ಇದ್ದರೆ ನಿಂತು ನೋಡಿ. ಮೊದಲನೆಯದು ಹಣದ ವ್ಯವಹಾರ ಮತ್ತು ಒಟಿಪಿ, ಎರಡನೆಯದು ಸೇವೆ, ಮೂರನೆಯದು ಸರ್ಕಾರದ್ದು. ಅದಕ್ಕೂ ಹಳೆಯ ಮೆಸೇಜುಗಳಲ್ಲಿ ಈ ಅಕ್ಷರ ಇರುವುದಿಲ್ಲ. ಅಲ್ಲಿ ಸರ್ಚ್‌ನಲ್ಲಿ `OTP` ಅಂತ ಹಾಕಿ ಹುಡುಕಿ. ಒಂದು ಗಂಟೆಯಲ್ಲಿ ನಿಮ್ಮದೇ ಪಟ್ಟಿ ಸಿದ್ಧವಾಗುತ್ತದೆ. ಮರೆತೇಹೋದ ಒಂದು ಖಾತೆಯಾದರೂ ಅದರಲ್ಲಿ ಸಿಗುತ್ತದೆ, ನೋಡಿ ಬೇಕಾದರೆ.

ಮೊದಲ ಕೆಲಸ ಆಧಾರ್. ಡಿಜಿಲಾಕರ್, ಆದಾಯ ತೆರಿಗೆ, ಸರ್ಕಾರದ ಎಷ್ಟೋ ಯೋಜನೆಗಳ ಇ-ಕೆವೈಸಿ ಇವೆಲ್ಲ ಆಧಾರ್ ನಂಬರಿನ ಒಟಿಪಿಯನ್ನೇ ಕೇಳುತ್ತವೆ. ಆಧಾರ್ ಕೇಂದ್ರಕ್ಕೆ ನೀವೇ ಹೋಗಿ, ಬೆರಳಚ್ಚು ಕೊಟ್ಟರೆ ಸಾಕು. ಮೊಬೈಲ್ ಬದಲಿಸಲು ಬೇರೆ ದಾಖಲೆ ಬೇಡ, ಹಳೆ ನಂಬರಿನ ಒಟಿಪಿಯೂ ಬೇಡ. ಶುಲ್ಕ 75 ರೂಪಾಯಿ. ಅದಕ್ಕಿಂತ ಜಾಸ್ತಿ ಕೇಳಿದರೆ ರಸೀದಿ ತೋರಿಸಿ ಅನ್ನಿ. ಆ ರಸೀದಿಯನ್ನು ಎತ್ತಿಡಿ, ಅದರ ಮೇಲಿನ ನಂಬರಿನಿಂದಲೇ ಬದಲಾಯಿತೋ ಇಲ್ಲವೋ ನೋಡಬೇಕು. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಅದಕ್ಕೇ ಇದನ್ನು ಮೊದಲು ಮಾಡಿ ಅಂದಿದ್ದು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಆಧಾರ್‌ನಲ್ಲಿ ಬದಲಾದರೆ ಬ್ಯಾಂಕಿನಲ್ಲೂ ತಾನಾಗೇ ಬದಲಾಗುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಆಧಾರ್‌ನವರ ದಾಖಲೆಯೇ ಬೇರೆ, ಬ್ಯಾಂಕಿನ ದಾಖಲೆಯೇ ಬೇರೆ. ಒಂದು ಬ್ಯಾಂಕಿನಲ್ಲಿ ಬದಲಿಸಿದರೆ ಇನ್ನೊಂದು ಬ್ಯಾಂಕಿಗೆ ಗೊತ್ತೂ ಆಗುವುದಿಲ್ಲ.

ಆದ್ದರಿಂದ ಎರಡನೆಯದಾಗಿ ಬ್ಯಾಂಕು, ಒಂದೊಂದಾಗಿ. ಪಾಸ್‌ಬುಕ್, ಆಧಾರ್ ಹಿಡಿದು ಶಾಖೆಗೇ ಹೋಗಿ ಅರ್ಜಿ ಕೊಡುವುದು ನಿಮಗೆ ಸುಲಭ ಅನ್ನಿಸುತ್ತದೆ. ಪೆನ್ಷನ್ ಖಾತೆ ಮೊದಲು. ಯಜಮಾನರ ಜೊತೆ ಜಂಟಿ ಖಾತೆ ಇದ್ದರೆ ಅದಕ್ಕೆ ಯಾರ ನಂಬರ್ ಇದೆ ಅಂತ ಅಲ್ಲೇ ಕೇಳಿ. ನಮ್ಮ ಕಡೆ ಬಹಳ ಮಂದಿಗೆ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನಲ್ಲಿ ಹಳೆ ಖಾತೆ ಇರುತ್ತದೆ. ಆ ಬ್ಯಾಂಕು 2019ರ ಏಪ್ರಿಲ್ 1ರಿಂದ ವಿಲೀನವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. ಹೆಸರು ಬದಲಾದರೂ ನಿಮ್ಮ ಖಾತೆಯಲ್ಲಿ ಹಳೆ ನಂಬರೇ ಕೂತಿರುತ್ತದೆ, ಮರೆಯಬೇಡಿ.

ಅರ್ಜಿ ಕೊಟ್ಟು ಬಂದರೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಎಟಿಎಂನಲ್ಲಿ 500 ರೂಪಾಯಿ ತೆಗೆದು ನೋಡಿ. ಮೆಸೇಜು ಹೊಸ ನಂಬರಿಗೆ ಬಂದರೆ ಬದಲಾಗಿದೆ. ಹಳೆಯದಕ್ಕೆ ಬಂದರೆ ಅರ್ಜಿ ಇನ್ನೂ ಟೇಬಲ್ ಮೇಲೇ ಇದೆ ಅಂತ ತಿಳಿದುಕೊಳ್ಳಿ. 10, 20 ರೂಪಾಯಿ ಕಳಿಸಿ ಪರೀಕ್ಷೆ ಮಾಡಬೇಡಿ, ಸಣ್ಣ ಮೊತ್ತಕ್ಕೆ ಕೆಲವು ಬ್ಯಾಂಕುಗಳು ಮೆಸೇಜೇ ಕಳಿಸುವುದಿಲ್ಲ.

ಬ್ಯಾಂಕಿನ ಮೆಸೇಜು ಹೊಸ ನಂಬರಿಗೆ ಬಂದ ಮೇಲೆಯೇ ಫೋನ್‌ಪೇ, ಗೂಗಲ್ ಪೇ ಮುಟ್ಟಿ. ಈ ಆ್ಯಪ್‌ಗಳು ನಿಮ್ಮ ಸಿಮ್‌ನಿಂದ ಒಂದು ಮೆಸೇಜು ಕಳಿಸಿ, ಆ ನಂಬರಿಗೆ ಬ್ಯಾಂಕಿನಲ್ಲಿ ಖಾತೆ ಇದೆಯಾ ಅಂತ ನೋಡುತ್ತವೆ. ಬ್ಯಾಂಕಿನಲ್ಲಿ ಹಳೆ ನಂಬರ್ ಇದ್ದಾಗ ಹೊಸ ಸಿಮ್‌ನಿಂದ ತೆರೆದರೆ ಖಾತೆಯೇ ಇಲ್ಲ ಅನ್ನುತ್ತದೆ. ಜನ ಗಾಬರಿಯಾಗುವುದು ಇಲ್ಲೇ. ಕ್ರಮ ತಪ್ಪಿದ್ದಷ್ಟೇ, ಹಣ ಎಲ್ಲೂ ಹೋಗಿರುವುದಿಲ್ಲ. ಮೊದಲು ಹಳೆ ನಂಬರಿನ ಆ್ಯಪ್‌ನಲ್ಲಿ ಬ್ಯಾಂಕ್ ಖಾತೆಯನ್ನು ತೆಗೆದುಹಾಕಿ, ಆಟೋಪೇ ಇದ್ದರೆ ಬರೆದಿಟ್ಟುಕೊಂಡು ರದ್ದು ಮಾಡಿ. ಆಮೇಲೆ ಹೊಸ ನಂಬರಿನಲ್ಲಿ ಹೊಸದಾಗಿ ಸೇರಿಸಿ. ಕೈಬದಲಾದ ನಂಬರುಗಳನ್ನು ಯುಪಿಐನಿಂದ ವಾರಕ್ಕೊಮ್ಮೆಯಾದರೂ ತೆಗೆಯಬೇಕು ಅಂತ 2025ರ ಏಪ್ರಿಲ್ 1ರಿಂದ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ನಿಯಮ ಇದೆ. ಆದರೆ ಮನೆ ಬಾಡಿಗೆ ಕೊಡುವವರ ಫೋನಿನಲ್ಲಿ ನಿಮ್ಮ ಹೆಸರಿನ ಮುಂದೆ ಸೇವ್ ಆಗಿರುವ ಹಳೆ ನಂಬರನ್ನು ಯಾವ ನಿಯಮವೂ ತೆಗೆಯುವುದಿಲ್ಲ. ನಿಮಗೆ ಹಣ ಕಳಿಸುವವರಿಗೆ ನೀವೇ ಫೋನ್ ಮಾಡಿ ಹೇಳಿ. ಕಳಿಸುವಾಗ ತೆರೆಯ ಮೇಲೆ ನಿಮ್ಮ ಹೆಸರು ಬಂತಾ ನೋಡಿ ಅನ್ನಿ.

ವಾಟ್ಸಾಪ್‌ನಲ್ಲಿ ಖಾತೆ ಅಳಿಸಬೇಡಿ, ಹೊಸದಾಗಿಯೂ ಶುರು ಮಾಡಬೇಡಿ. `Settings`, ಅದರಲ್ಲಿ `Account`, ಅದರಲ್ಲಿ `Change number` ಒತ್ತಿ. ಹಳೆಯದು, ಹೊಸದು ಎರಡೂ ಹಾಕಿ. ಹೊಸ ನಂಬರಿಗೆ ಕೋಡ್ ಬರುತ್ತದೆ. ಮೆಸೇಜು, ಫೋಟೋ, ಗ್ರೂಪು ಎಲ್ಲ ಹಾಗೇ ಇರುತ್ತವೆ, ಗ್ರೂಪಿನವರಿಗೆ ತಾನಾಗೇ ಗೊತ್ತಾಗುತ್ತದೆ. ಉಳಿದ ಪರಿಚಯದವರಿಗೂ ತಿಳಿಸಬೇಕಾ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ. ಸಿಂಧನೂರಿನವರು ಇದೊಂದು ಮಾಡಿದ್ದರೆ ಗ್ರೂಪಿನಲ್ಲಿ ಬೇರೆಯವರು ಬಂದು ಕೂರುತ್ತಿರಲಿಲ್ಲ.

ಜಿಮೇಲ್‌ಗೆ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗಕ್ಕೆ ಹೋಗಿ. ಅಲ್ಲಿ `Recovery phone` ಬದಲಿಸಿ. ಎರಡು ಹಂತದ ಪರಿಶೀಲನೆ ಇಟ್ಟುಕೊಂಡಿದ್ದರೆ ಅಲ್ಲೂ ನಂಬರ್ ಬೇರೆಯಾಗಿ ಇರುತ್ತದೆ, ಅದನ್ನೂ ಬದಲಿಸಿ. ಜೊತೆಗೆ `Backup codes` ತೆಗೆದು ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ. ಫೋನೇ ಇಲ್ಲದಿದ್ದರೂ ಆ ಕೋಡ್ ಕೆಲಸ ಮಾಡುತ್ತದೆ. ನಂಬರ್ ಬದಲಿಸಿದ ಮೇಲೂ ಸುಮಾರು ಒಂದು ವಾರ ಗೂಗಲ್ ಹಳೆ ನಂಬರಿಗೇ ಕೋಡ್ ಕಳಿಸಬಹುದು, ಆಗ ಹಳೆ ಸಿಮ್ ಕೈಯಲ್ಲಿರಬೇಕು.

ಉಳಿದವು ಚಿಕ್ಕವು. ಗ್ಯಾಸ್ ಏಜೆನ್ಸಿಗೆ ಹೋಗಿ ಬದಲಿಸಿ, ಸಿಲಿಂಡರ್ ತರುವವರು ಕೇಳುವ ಕೋಡ್ ಆ ನಂಬರಿಗೇ ಬರೋದು. ಜೆಸ್ಕಾಂ ಬಿಲ್, ಎಲ್‌ಐಸಿ, ರೈಲು ಟಿಕೆಟ್ ಖಾತೆ, ಗಾಡಿ ಇದ್ದರೆ ಫಾಸ್ಟ್ಯಾಗ್ ಮತ್ತು ಡಿಎಲ್ ಇವನ್ನು ಒಂದೊಂದಾಗಿ ಮುಗಿಸಿ. ಹೊಲ ನಿಮ್ಮ ಹೆಸರಿನಲ್ಲಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿಯ ನಂಬರನ್ನೂ ಕೇಳಿ. ಬೆಳೆ ಪರಿಹಾರದ ವಿಷಯ ತಿಳಿಯುವುದು ಅಲ್ಲಿರುವ ನಂಬರಿನಿಂದ.

ಎಲ್ಲ ಮುಗಿಯಿತು ಅಂತ ಅನಿಸಿದ ಮೇಲೂ ಒಂದು ತಿಂಗಳು ಹಳೆ ಸಿಮ್ ಫೋನಿನ ಎರಡನೇ ಸ್ಲಾಟಿನಲ್ಲಿ ಇರಲಿ. ಪೆನ್ಷನ್ ಜಮಾ ಆಗುವ ದಿನವೂ ಗ್ಯಾಸ್ ಬುಕ್ ಮಾಡುವ ದಿನವೂ ಅದರೊಳಗೆ ಬಂದುಹೋಗಬೇಕು. ಈ ತಿಂಗಳಲ್ಲಿ ಹಳೆ ನಂಬರಿಗೆ ಬಂದ ಪ್ರತಿ ಮೆಸೇಜೂ ನೀವು ಬಿಟ್ಟ ಒಂದು ಕಡೆಯನ್ನು ತೋರಿಸುತ್ತದೆ. ಬರೀ ಜಾಹೀರಾತು ಮಾತ್ರ ಬರುತ್ತಿದೆ ಅಂತಾದಾಗ ಗುರುತಿನ ಚೀಟಿ ಹಿಡಿದು ಕಂಪನಿಯ ಮಳಿಗೆಗೆ ಹೋಗಿ, ನಂಬರ್ ಬಂದ್ ಮಾಡಿ ಅಂತ ಅರ್ಜಿ ಕೊಡಿ. ಸುಮ್ನೆ ಬಿಟ್ಟರೆ ಅದು ಯಾವತ್ತು ಬಂದ್ ಆಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಅರ್ಜಿ ಕೊಟ್ಟರೆ ತಾರೀಖು ಕೈಯಲ್ಲಿರುತ್ತದೆ, ಆ 90 ದಿನವನ್ನು ಅಲ್ಲಿಂದ ಎಣಿಸಬಹುದು.