ಸಲೂನಿನಿಂದ ಚರ್ಮವೈದ್ಯರಿಗೆ, ಅಲ್ಲಿಂದ ವಾಪಸ್

ಪ್ರಶ್ನೆ: ನಾನು ಸಲೂನ್ ನಡೆಸುತ್ತೇನೆ. ಹತ್ತಿರದ ಚರ್ಮದ ಡಾಕ್ಟರೂ ನಾನೂ ಪರಸ್ಪರ ಗಿರಾಕಿಗಳನ್ನು ಕಳಿಸಿಕೊಳ್ಳುವ ಏರ್ಪಾಡು ಹೇಗೆ ಮಾಡಿಕೊಳ್ಳಲಿ? ಕಮಿಷನ್ ಎಷ್ಟಿಡಬೇಕು?

ಉತ್ತರ: ಕಮಿಷನ್ ಮಾತೇ ಎತ್ತಬೇಡಿ. ರೋಗಿಯನ್ನು ಕಳಿಸಿದ್ದಕ್ಕೆ ದುಡ್ಡು ಕೊಡುವುದನ್ನು ವೈದ್ಯರ ವೃತ್ತಿನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಳ್ಳೆಯ ಡಾಕ್ಟರು ಅಲ್ಲಿಗೇ ಎದ್ದುಹೋಗುತ್ತಾರೆ. ಓಡಾಡಬೇಕಾದದ್ದು ದುಡ್ಡಲ್ಲ, ಚೀಟಿ.

ಮೊದಲು ಡಾಕ್ಟರ ಜೊತೆ ಅರ್ಧ ಗಂಟೆ ಕೂತು, ಯಾವುದನ್ನು ಕಂಡರೆ ಕೆಲಸ ನಿಲ್ಲಿಸಿ ಕಳಿಸಬೇಕೆಂದು ಬರೆದುಕೊಳ್ಳಿ: ಅಂಚು ಕೆಂಪಗಿರುವ ಉಂಗುರದಂಥ ಕಲೆ, ತಲೆಯಲ್ಲಿ ದುಂಡಗೆ ಕೂದಲು ಉದುರಿದ ಜಾಗ, ಬಣ್ಣ ಅಥವಾ ಆಕಾರ ಬದಲಾಗುತ್ತಿರುವ ಮಚ್ಚೆ. ಚೀಟಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. "ಹುಳಕಡ್ಡಿ" ಎಂದು ರೋಗದ ಹೆಸರಿಡುವುದು ನಿಮ್ಮ ಕೆಲಸವಲ್ಲ. ಹಚ್ಚಿದ ಬಣ್ಣ, ಕ್ರೀಮಿನ ಹೆಸರು, ದಿನಾಂಕ ಮಾತ್ರ ತಪ್ಪದೆ ಇರಲಿ. ಅಲರ್ಜಿ ಪತ್ತೆಗೆ ಡಾಕ್ಟರಿಗೆ ಬೇಕಾಗುವುದು ಅದೇ.

ಏರ್ಪಾಡು ಕೆಡುವುದು ಹೆಚ್ಚಾಗಿ ವಾಪಸ್ ದಾರಿಯಲ್ಲಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವಳು ಮೇಲ್ದುಟಿಗೆ ವ್ಯಾಕ್ಸಿಂಗ್ ಕೇಳಿಕೊಂಡು ಬರುತ್ತಾಳೆ. ಪಟ್ಟಿ ಎಳೆದರೆ ಕೂದಲ ಜೊತೆ ಮೇಲ್ಚರ್ಮವೂ ಕಿತ್ತು ಬರಬಹುದು, ಕಲೆ ಉಳಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸಾಮಾನ್ಯವಾಗಿ 6 ತಿಂಗಳು ವ್ಯಾಕ್ಸ್ ಬೇಡವೆನ್ನುತ್ತಾರೆ. ಹಾಗಾಗಿ ಡಾಕ್ಟರ ಚೀಟಿಯಲ್ಲಿ ಒಂದೇ ಸಾಲು ಸಾಕು: "ವ್ಯಾಕ್ಸ್, ಬ್ಲೀಚ್, ಸ್ಕ್ರಬ್ ಬೇಡ, ಇಂಥ ತಾರೀಖಿನವರೆಗೆ." ರೋಗದ ವಿವರ ನಿಮಗೆ ಬೇಕಿಲ್ಲ. ಚೀಟಿಯನ್ನು ಗಿರಾಕಿಯ ಕೈಗೇ ಕೊಡಲಿ. ಅವಳ ಒಪ್ಪಿಗೆಯಿಲ್ಲದೆ ವಾಟ್ಸಾಪಿನಲ್ಲಿ ಮುಖದ ಫೋಟೊ ಕಳಿಸಿಕೊಳ್ಳಬೇಡಿ.

ಬೇರೆ ಡಾಕ್ಟರ ಬಳಿ ಹೋಗುವ ಸ್ವಾತಂತ್ರ್ಯ ಅವಳಿಗಿದೆ, ಅದನ್ನು ಬಾಯಿಬಿಟ್ಟು ಹೇಳಿ. ತಿಂಗಳಿಗೊಮ್ಮೆ ಚೀಟಿಗಳನ್ನು ಎಣಿಸಿ: ಹೋದವು ಹತ್ತು, ಬಂದದ್ದು ಒಂದೂ ಇಲ್ಲವೆಂದರೆ ಕ್ಲಿನಿಕ್ಕಿನ ಸ್ವಾಗತದ ಮೇಜಿನಲ್ಲಿ ಚೀಟಿಪುಸ್ತಕವೇ ಇಲ್ಲದಿರಬಹುದು.