ಬಿರುಕು ವಯಸ್ಸು ಹೇಳುವುದಿಲ್ಲ

"ಸಾರ್, ನಮ್ಮ ಐನ್‌ಮನೆಯ ಪಿಂಗಾಣಿ ತಟ್ಟೆಯ ಬಗ್ಗೆ ಬರೆದು ಫೋಟೋ ಸಮೇತ ಕಳಿಸಿದ್ದೇನೆ. ಮೈತುಂಬಾ ಬಿರುಕಿದೆ, ಹಾಗಾಗಿ ನೂರು ವರ್ಷಕ್ಕಿಂತ ಹಳೆಯದು. ಅಂಚಿನ ಉದ್ದ ಬಿರುಕೇ ಎಲ್ಲಕ್ಕಿಂತ ಹಳೆಯದು. ಮಡಿಕೇರಿಯಲ್ಲಿ ಕೊಂಡ ಬಟ್ಟಲೂ ಅದೇ ಕಾಲದ್ದು. ಪ್ರಕಟಿಸುತ್ತೀರಾ?"

ಈಗಿರುವ ಹಾಗೆ ಆಗುವುದಿಲ್ಲ. ಕಕ್ಕಡದ ಮಳೆಯಲ್ಲಿ ಅಜ್ಜಿ ಆ ತಟ್ಟೆಯಲ್ಲಿ ಪಂದಿ ಕರಿ ಬಡಿಸುತ್ತಿದ್ದ ಭಾಗ ತುಂಬಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಪ್ಪಿರುವುದು ವಯಸ್ಸಿನ ಲೆಕ್ಕ.

ಗೂಡಿನಲ್ಲಿ ಸುಟ್ಟ ಮೇಲೆ ಮಣ್ಣೂ ಅದರ ಮೇಲಿನ ಗಾಜಿನಂಥ ಪದರ, ಅಂದರೆ ಗ್ಲೇಜೂ ತಣ್ಣಗಾಗುತ್ತಾ ಕುಗ್ಗುತ್ತವೆ. ಗ್ಲೇಜ್ ಜಾಸ್ತಿ ಕುಗ್ಗಿದರೆ ಬಿಗಿಯಾಗಿ ಎಳೆದುಕೊಂಡು ಬಿರಿಯುತ್ತದೆ. ಇದು ಗೂಡಿನಿಂದ ತೆಗೆದ ದಿನವೇ ಆಗಬಹುದು. ಇನ್ನು ಕೆಲವು ತಟ್ಟೆಗಳ ಮಣ್ಣು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದು ವರ್ಷಗಟ್ಟಲೆ ತೇವ ಹೀರಿ ಇಷ್ಟೇ ಇಷ್ಟು ಉಬ್ಬುತ್ತದೆ, ಗ್ಲೇಜ್ ಉಬ್ಬುವುದಿಲ್ಲ, ಬಿರಿಯುತ್ತದೆ. ನಮ್ಮ ಮಳೆಗಾಲದ ಅಡುಗೆಮನೆಯಲ್ಲಿ ತೇವಕ್ಕೆ ಕೊರತೆಯೇ? ಹಾಗಾಗಿ ಬಿರುಕನ್ನು ನೋಡಿ ವರ್ಷ ಹೇಳಲು ಬರುವುದಿಲ್ಲ. ತಟ್ಟೆ ನಿಜಕ್ಕೂ ಬಳಕೆಯಲ್ಲಿತ್ತೇ ಅಂತ ತಿಳಿಯಲು ನೋಡಬೇಕಾದ್ದು ಬಿರುಕಿನೊಳಗೆ ಕಲೆ ಹೇಗೆ ಇಳಿದಿದೆ ಅಂತ.

ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಸಾರು ನಿಲ್ಲುವ ನಡುಭಾಗದಲ್ಲಿ ಗೆರೆಗಳು ಕಂದು, ಅಂಚಿನ ಕಡೆ ಹೋದಂತೆ ತಿಳಿ. ಚಕ್ಕೆ ಎದ್ದ ಜಾಗದ ಸುತ್ತ ಗ್ಲೇಜಿನ ಕೆಳಗೇ ಕಲೆ ಹರಡಿ ಮಬ್ಬಾಗಿದೆ. ಕೊಬ್ಬು, ಕಾಚಂಪುಳಿ ಎಲ್ಲಾ ನಿಧಾನವಾಗಿ ಇಳಿದರೆ ಹೀಗೇ ಕಾಣುತ್ತದೆ. ಬಳಸಿದ ಜಾಗದಲ್ಲಿ ಜಾಸ್ತಿ, ಬಳಸದ ಜಾಗದಲ್ಲಿ ಕಡಿಮೆ. ಅಜ್ಜಿ ಬಡಿಸಿದ್ದಕ್ಕೆ ಸಾಕ್ಷಿ ನಿಮ್ಮ ತಟ್ಟೆಯಲ್ಲೇ ಇದೆ, ಲೇಖನದಲ್ಲಿ ಮಾತ್ರ ಇಲ್ಲ.

ಬಟ್ಟಲಿನ ಕಥೆ ಬೇರೆ. ಒಳಗೆ, ಹೊರಗೆ, ಕೈ ತಾಗದ ತಳದಲ್ಲೂ ಒಂದೇ ಕಂದು. ಬಟ್ಟಲು ನೆಲಕ್ಕೆ ತಾಗಿ ನಿಲ್ಲುವ, ಗ್ಲೇಜ್ ಇಲ್ಲದ ಬಳೆಯಂಥ ಅಂಚಿಗೂ ಅದೇ ಬಣ್ಣ ಹತ್ತಿದೆ. ಚಹಾದ ಡಿಕಾಕ್ಷನ್‌ನಲ್ಲೋ ಬಣ್ಣದ ನೀರಲ್ಲೋ ಇಡೀ ಅದ್ದಿದರೆ ಹೀಗಾಗುತ್ತದೆ. ನಾನೂ ಇಂಥದ್ದೊಂದನ್ನು ಹಳೆಯದೆಂದು ನಂಬಿ ಕೊಂಡಿದ್ದೆ. ಒದ್ದೆ ಹತ್ತಿಯಲ್ಲಿ ಒರೆಸಿದಾಗ ಹತ್ತಿ ಕಂದಾಯಿತು. ಹತ್ತಿಗೆ ಬಣ್ಣ ಬರದಿದ್ದರೆ ಅಸಲಿ ಅಂತ ಮಾತ್ರ ತಿಳಿಯಬೇಡಿ, ಒಳಗೆ ಹೀರಿಕೊಂಡ ಬಣ್ಣ ಹಾಗೆ ಬಿಡುವುದಿಲ್ಲ.

ಅಂಚಿನ ಆ ಉದ್ದ ಗೆರೆ ಗ್ಲೇಜಿನ ಬಿರುಕೇ ಅಲ್ಲ, ಪೆಟ್ಟು. ಗ್ಲೇಜಿನ ಬಿರುಕು ಬಲೆಯ ಹಾಗೆ ಹರಡಿ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಇದು ಆ ಬಲೆಯನ್ನು ಕತ್ತರಿಸಿಕೊಂಡು ಹೋಗಿದೆ, ಅಂದರೆ ಬಲೆ ಮೊದಲು, ಪೆಟ್ಟು ಆಮೇಲೆ. ತಟ್ಟೆ ತಿರುಗಿಸಿ ನೋಡಿ. ಅದೇ ಗೆರೆ ಹಿಂದೆಯೂ ಇದ್ದರೆ ಮಣ್ಣೇ ಸೀಳಿದೆ. ಬೆರಳಲ್ಲಿ ತಟ್ಟಿ ಸದ್ದು ಕೇಳಿ ತೀರ್ಮಾನಿಸಬೇಡಿ, ಬರೀ ಗ್ಲೇಜ್ ಬಿರಿದ ತಟ್ಟೆಯೂ ಮಂಕಾಗಿಯೇ ಸದ್ದು ಮಾಡಬಹುದು.

ವಯಸ್ಸು ಬೇಕಿದ್ದರೆ ತಳದ ಮುದ್ರೆ ನೋಡಿ. ಅದರಲ್ಲಿ ಇಂಗ್ಲೆಂಡ್ ಎಂಬ ಹೆಸರಿದ್ದರೆ ಸಾಮಾನ್ಯವಾಗಿ 1891 ಅಥವಾ ಆಮೇಲಿನದು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ನಿಯಮ ಆ ವರ್ಷ ಜಾರಿಗೆ ಬಂತು. ತಳದ ಫೋಟೋ ನೀವು ಕಳಿಸಿಲ್ಲ, ಕಳಿಸಿ. ಅದಕ್ಕೆ ಮೊದಲು ಬ್ಲೀಚ್ ಹಾಕಿ ತೊಳೆಯಬೇಡಿ. ನಡುಭಾಗದ ಕಂದು ಗೆರೆಗಳು ಹಾಗೇ ಇರಲಿ, ಲೇಖನ ಅಲ್ಲಿಂದಲೇ ಶುರುವಾಗಬೇಕು.